ಐದು ತಿಂಗಳಿಗೊಮ್ಮೆ ಎರಡು ಟೈರ್

ಮನೆ ಬಳಕೆಯ ಕಾರಿನ ಟೈರ್ ಹೆಚ್ಚಾಗಿ ವಯಸ್ಸಾಗಿ ಹಾಳಾಗುತ್ತದೆ. ವಾರಕ್ಕೆ ನೂರು, ನೂರೈವತ್ತು ಕಿಲೋಮೀಟರ್ ಓಡುತ್ತದೆ, ಉಳಿದ ಹೊತ್ತು ಬಿಸಿಲಲ್ಲೋ ನೆರಳಲ್ಲೋ ನಿಂತಿರುತ್ತದೆ. ಐದಾರು ವರ್ಷಕ್ಕೆ ರಬ್ಬರ್ ಗಡುಸಾಗಿ, ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಮೂಡುತ್ತದೆ. ಗ್ರಿಪ್ ಇನ್ನೂ ಉಳಿದಿರುವಾಗಲೇ ಅದನ್ನು ಬಿಚ್ಚಿ ಹಾಕಬೇಕಾಗುತ್ತದೆ. ಬೆಂಗಳೂರಿನಲ್ಲಿ ಆಪ್ ನೋಡಿಕೊಂಡು ಡ್ಯೂಟಿ ಮಾಡುವ ಹಳದಿ ಬೋರ್ಡ್ ಕಾರಿನ ಟೈರ್ ಅಷ್ಟು ಕಾಲ ಬದುಕುವುದೇ ಇಲ್ಲ. ದಿನಕ್ಕೆ 180 ಕಿಲೋಮೀಟರ್, ತಿಂಗಳಿಗೆ 25 ದಿನ ಎಂದು ಹಿಡಿದರೂ ತಿಂಗಳಿಗೆ 4,500 ಕಿಲೋಮೀಟರ್ ಆಯಿತು, ವರ್ಷಕ್ಕೆ 54,000. ಮನೆ ಕಾರು ಏಳರಿಂದ ಹತ್ತು ವರ್ಷದಲ್ಲಿ ಕಾಣುವ ದೂರವನ್ನು ಇದು ಒಂದೇ ವರ್ಷದಲ್ಲಿ ಕಾಣುತ್ತದೆ.

ಹೀಗಾಗಿ ಕಾರಿನ ಜೊತೆ ಬರುವ ಪುಸ್ತಕದ ಸಲಹೆಗಳನ್ನು ಕ್ಯಾಬ್ ಚಾಲಕರು ತಮ್ಮ ಕ್ಯಾಲೆಂಡರಿಗೆ ಹೊಂದಿಸಿಕೊಳ್ಳಬೇಕು. ಸುಮಾರು 10,000 ಕಿಲೋಮೀಟರಿಗೊಮ್ಮೆ ಟೈರ್ ರೊಟೇಷನ್ ಮಾಡಿಸಿ ಎನ್ನುವ ಮಾತು ಮನೆ ಕಾರಿನವರಿಗೆ ವರ್ಷಕ್ಕೊಮ್ಮೆಯ ಸರ್ವಿಸ್ ಜೊತೆ ಮುಗಿಯುವ ಕೆಲಸ. ಕ್ಯಾಬಿನವರಿಗೆ ಅದು ಎರಡು ತಿಂಗಳಿಗೊಮ್ಮೆ ಬರುತ್ತದೆ, ಬಂದಾಗಲೆಲ್ಲ ಅರ್ಧ ದಿನದ ದುಡಿಮೆ ಹೋಗುತ್ತದೆ. ಅಷ್ಟು ಕೊಟ್ಟು ಮಾಡಿಸಿದರೆ ಸಿಗುವುದೇನು ಎಂದು ಚಾಲಕರು ಕೇಳುವುದು ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಮಿಲಿಮೀಟರ್ ಲೆಕ್ಕದಲ್ಲೇ ಹುಡುಕಬೇಕು.

ಉದಾಹರಣೆಗೆ ಒಂದು ಡಿಸೈರ್ ಕ್ಯಾಬ್ ತೆಗೆದುಕೊಳ್ಳೋಣ. ಟೈರಿನ ಅಳತೆ 165/80 ಆರ್ 14. ಹೊಸದಾಗಿದ್ದಾಗ ಗ್ರಿಪ್ಪಿನ ಆಳ, ಅಂದರೆ ರಸ್ತೆಗೆ ತಾಗುವ ರಬ್ಬರಿನ ನಡುವಿನ ಕಾಲುವೆಗಳ ಆಳ, ಸುಮಾರು 7 ಮಿಲಿಮೀಟರ್. ನಮ್ಮ ಮೋಟಾರು ವಾಹನ ನಿಯಮದ ಪ್ರಕಾರ ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿಲಿಮೀಟರ್ ಆಳ ಇರಲೇಬೇಕು. ಅದನ್ನು ತಿಳಿಯಲು ಕಾಲುವೆಗಳ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಣ್ಣೆಗಳನ್ನು ಕೊಟ್ಟಿರುತ್ತಾರೆ, ಅವು ಎಲ್ಲಿವೆ ಎಂದು ತೋರಿಸಲು ಟೈರಿನ ಭುಜದ ಹತ್ತಿರ ಟಿಡಬ್ಲ್ಯುಐ ಎಂಬ ಅಕ್ಷರಗಳನ್ನೋ ಸಣ್ಣ ತ್ರಿಕೋನವನ್ನೋ ಅಚ್ಚೊತ್ತಿರುತ್ತಾರೆ. ರಬ್ಬರ್ ಸವೆದು ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಟೈರಿನ ಆಯಸ್ಸು ಮುಗಿಯಿತು. ನಾವು ಸ್ವಲ್ಪ ಎಚ್ಚರ ಇಟ್ಟುಕೊಂಡು 2 ಮಿಲಿಮೀಟರಿಗೇ ನಿಲ್ಲಿಸುವುದಾದರೆ ಕೈಯಲ್ಲಿರುವ ಬಂಡವಾಳ 5 ಮಿಲಿಮೀಟರ್ ರಬ್ಬರ್.

ಡಿಸೈರ್, ವ್ಯಾಗನ್‌ಆರ್, ಔರಾದಂಥ ಕಾರುಗಳೆಲ್ಲ ಮುಂದಿನ ಚಕ್ರ ಎಳೆಯುವ ಗಾಡಿಗಳು. ಎಂಜಿನ್ ಭಾರ ಮುಂದೆ, ಎಳೆತ ಮುಂದೆ, ತಿರುಗುವುದು ಮುಂದೆ, ಬ್ರೇಕ್ ಹಿಡಿದಾಗ ತೂಕವೆಲ್ಲ ವಾಲುವುದೂ ಮುಂದೆ. ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ಊರಿನಲ್ಲಿ ಹಿಂದಿನ ಟೈರುಗಳಿಗಿಂತ ಮುಂದಿನವು ಹೆಚ್ಚೂಕಡಿಮೆ ಒಂದೂವರೆ ಪಟ್ಟು, ಎರಡು ಪಟ್ಟು ಬೇಗ ಸವೆಯುತ್ತವೆ. ಲೆಕ್ಕಕ್ಕೆಂದು ಮುಂದಿನ ಟೈರ್ 7,000 ಕಿಲೋಮೀಟರಿಗೆ ಒಂದು ಮಿಲಿಮೀಟರ್, ಹಿಂದಿನದು 12,000 ಕಿಲೋಮೀಟರಿಗೆ ಒಂದು ಮಿಲಿಮೀಟರ್ ಸವೆಯುತ್ತದೆ ಎಂದುಕೊಳ್ಳೋಣ. ಪ್ರತಿ ಗಾಡಿಗೂ, ಪ್ರತಿ ಚಾಲಕನಿಗೂ ಈ ಅಂಕಿ ಬೇರೆ. ತನ್ನದೆಷ್ಟು ಎಂದು ತಿಳಿಯುವುದು ಹೇಗೆಂಬುದು ಮುಂದೆ ಬರುತ್ತದೆ.

ಟೈರುಗಳನ್ನು ಮುಟ್ಟದೆ ಹಾಗೇ ಓಡಿಸಿದರೆ ಮುಂದಿನ ಜೋಡಿ 35,000 ಕಿಲೋಮೀಟರಿಗೆ ಮುಗಿಯುತ್ತದೆ, ಹಿಂದಿನ ಜೋಡಿ 60,000ಕ್ಕೆ. ನಿಯಮಿತವಾಗಿ ರೊಟೇಷನ್ ಮಾಡಿಸಿದರೆ, ಅಂದರೆ ಮುಂದಿನವನ್ನು ಅದೇ ಬದಿಯಲ್ಲಿ ನೇರ ಹಿಂದಕ್ಕೂ ಹಿಂದಿನವನ್ನು ಎಡಬಲ ಅದಲುಬದಲು ಮಾಡಿ ಮುಂದಕ್ಕೂ ಹಾಕಿಸಿದರೆ, ನಾಲ್ಕೂ ಒಟ್ಟಿಗೆ ಸವೆದು ಸುಮಾರು 44,000 ಕಿಲೋಮೀಟರಿಗೆ ಮುಗಿಯುತ್ತವೆ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಲಕ್ಷ ಕಿಲೋಮೀಟರಿಗೆ ಎಷ್ಟು ಟೈರ್ ಖರ್ಚಾಯಿತು ಎಂದು ಲೆಕ್ಕ ಹಾಕಿ ನೋಡಿ. ಎರಡರಲ್ಲೂ ಬರುವ ಉತ್ತರ ಒಂದೇ, ಒಂಬತ್ತು ಟೈರ್.

ಟೈರ್ ಅಂಗಡಿಯ ಗೋಡೆಯ ಮೇಲಿನ ಬೋರ್ಡುಗಳು ಇದನ್ನು ಹೇಳುವುದಿಲ್ಲ. ರೊಟೇಷನ್ ಹೊಸ ರಬ್ಬರ್ ಹುಟ್ಟಿಸುವುದಿಲ್ಲ. ಅದು ಇರುವ ಸವಕಳಿಯನ್ನು ನಾಲ್ಕು ಚಕ್ರಗಳಿಗೆ ಹಂಚುತ್ತದೆ, ಅಷ್ಟೇ. ಹಾಗಾದರೆ ಅದು ಬೇಡವೇ? ಬೇಕು, ಆದರೆ ಬೇರೆ ಕಾರಣಕ್ಕೆ. ಮೇಲಿನ ಲೆಕ್ಕದಲ್ಲಿ ಟೈರ್ ಅಗಲಕ್ಕೂ ಸಮನಾಗಿ ಸವೆಯುತ್ತದೆ ಎಂದು ಹಿಡಿದಿದ್ದೇವೆ. ನಿಜದಲ್ಲಿ ಹಾಗಾಗುವುದು ಅಪರೂಪ. ಕ್ಯಾಬ್ ಚಾಲಕನ ದುಡ್ಡು ಸೋರಿಹೋಗುವುದು ಅಲ್ಲೇ.

ಸವೆದ ಟೈರುಗಳನ್ನು ಗುಡ್ಡೆ ಹಾಕಿರುವ ಯಾವುದೇ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ. ನಡುವೆ ಇನ್ನೂ ಚೆನ್ನಾಗಿ ಗ್ರಿಪ್ ಉಳಿದಿರುವ ಟೈರುಗಳು ಅಲ್ಲಿ ಬಿದ್ದಿರುತ್ತವೆ. ಒಳ ಅಂಚನ್ನು ತಿರುಗಿಸಿ ನೋಡಿದರೆ ಅಲ್ಲಿ ರಬ್ಬರೇ ಇರುವುದಿಲ್ಲ, ನೂಲಿನ ಪದರವೋ ತಂತಿಯೋ ಇಣುಕುತ್ತಿರುತ್ತದೆ. ಒಳ ಅಂಚು ಗಾಡಿಯ ಅಡಿಗೆ ಮುಖ ಮಾಡಿರುವುದರಿಂದ ನಿಂತು ನೋಡಿದರೆ ಕಾಣುವುದಿಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಹಾಕಿ ನೋಡಬೇಕು. ಚಾಲಕರು ಹೊರಗಿನ ಅಂಚು ನೋಡಿ ಇನ್ನೂ ಮೂರು ತಿಂಗಳು ಬರುತ್ತದೆ ಎಂದುಕೊಂಡಿರುತ್ತಾರೆ, ಒಳಗಡೆ ಟೈರ್ ಆಗಲೇ ತೀರಿರುತ್ತದೆ.

ಇದರ ಮುಖ್ಯ ಕಾರಣ ಅಲೈನ್‌ಮೆಂಟ್ ತಪ್ಪುವುದು. ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿ ನೋಡುತ್ತಿರಬೇಕು. ಗುಂಡಿಗೆ ಬಿದ್ದೋ, ಫುಟ್‌ಪಾತ್ ಅಂಚಿಗೆ ತಾಗಿಯೋ, ಟೈ ರಾಡಿನ ತುದಿ ಸವೆದೋ ಆ ನೇರ ತಪ್ಪುತ್ತದೆ. ಎರಡು ಚಕ್ರಗಳ ಮುಂದಿನ ಅಂಚುಗಳ ನಡುವಿನ ಅಂತರಕ್ಕೂ ಹಿಂದಿನ ಅಂಚುಗಳ ನಡುವಿನ ಅಂತರಕ್ಕೂ ಇರಬೇಕಾದ್ದಕ್ಕಿಂತ 3 ಮಿಲಿಮೀಟರ್ ವ್ಯತ್ಯಾಸ ಬಂತೆಂದು ಇಟ್ಟುಕೊಳ್ಳಿ. ಕಣ್ಣಿಗೆ ಅದು ಕಾಣುವುದೇ ಇಲ್ಲ, ಸ್ಟೇರಿಂಗ್‌ನಲ್ಲೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಆದರೆ ಈ ಅಳತೆಯ ಟೈರಿನಲ್ಲಿ ಅಷ್ಟು ಸಾಕು, ಪ್ರತಿ ಚಕ್ರ ಒಂದು ಕಿಲೋಮೀಟರ್ ಉರುಳುವಾಗ ಸುಮಾರು ಎರಡೂವರೆ ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ದಿನಕ್ಕೆ 180 ಕಿಲೋಮೀಟರ್ ಓಡುವ ಗಾಡಿಯಲ್ಲಿ ಅದು ನಾನೂರು ಮೀಟರ್ ದಾಟುತ್ತದೆ. ಕಾರನ್ನು ಅಡ್ಡಕ್ಕೆ ನಿಲ್ಲಿಸಿ ದಿನಾಲೂ ನಾನೂರು ಮೀಟರ್ ಡಾಂಬರಿನ ಮೇಲೆ ಎಳೆದುಕೊಂಡು ಹೋದರೆ ರಬ್ಬರಿನ ಗತಿ ಏನಾದೀತು ಎಂದು ಊಹಿಸಬಹುದು.

ನಮ್ಮ ಡಿಸೈರ್ 14,000 ಕಿಲೋಮೀಟರ್ ಓಡಿದ ಮೇಲೆ ಮುಂದಿನ ಎಡ ಟೈರನ್ನು ಅಳೆದು ನೋಡಿದೆವು ಎಂದುಕೊಳ್ಳಿ. ನಡುವೆ 5 ಮಿಲಿಮೀಟರ್, ಲೆಕ್ಕಕ್ಕೆ ಸರಿಯಾಗಿದೆ. ಹೊರ ಅಂಚಿನಲ್ಲಿ 4.8. ಒಳ ಅಂಚಿನಲ್ಲಿ ಮಾತ್ರ 3.6. ಒಳ ಅಂಚು ಇಷ್ಟು ಹೊತ್ತಿಗೆ 3.4 ಮಿಲಿಮೀಟರ್ ಸವೆದಿದೆ. ಅದೇ ವೇಗದಲ್ಲಿ ಹೋದರೆ ಇನ್ನು ಆರೂವರೆ ಸಾವಿರ ಕಿಲೋಮೀಟರಿನೊಳಗೆ, ಅಂದರೆ ಒಂದೂವರೆ ತಿಂಗಳಿಗೆ, ಅದು 2 ಮಿಲಿಮೀಟರ್ ಮುಟ್ಟುತ್ತದೆ. 35,000 ಕಿಲೋಮೀಟರ್ ಬರಬೇಕಾದ ಟೈರ್ 20,500ಕ್ಕೇ ಮುಗಿಯಿತು. ಬಿಚ್ಚಿ ಎಸೆಯುವಾಗ ನಡುವೆ ಇನ್ನೂ 4 ಮಿಲಿಮೀಟರ್ ರಬ್ಬರ್ ಇರುತ್ತದೆ.

ಇಂಥ ಸ್ಥಿತಿಯಲ್ಲಿ ಬರೀ ರೊಟೇಷನ್ ಮಾಡಿಸಿದರೆ ನಷ್ಟ ದುಪ್ಪಟ್ಟಾಗುತ್ತದೆ. ಒಳ ಅಂಚು ತಿಂದ ಟೈರ್ ಹಿಂದಕ್ಕೆ ಹೋಗಿ ಉಸಿರಾಡುತ್ತದೆ, ಆದರೆ ಹಿಂದೆ ಸುಖವಾಗಿದ್ದ ಟೈರ್ ಮುಂದಕ್ಕೆ ಬಂದು ಅದೇ ತಪ್ಪು ಕೋನದ ಬಾಯಿಗೆ ಬೀಳುತ್ತದೆ. ನಾಲ್ಕೂ ಟೈರಿನ ಒಳ ಅಂಚು ಹೋದ ಮೇಲೆ ಚಾಲಕ ಟೈರ್ ಕಂಪನಿಯನ್ನು ಬೈಯುತ್ತಾನೆ. ಆದ್ದರಿಂದ ಮೊದಲು ಅಲೈನ್‌ಮೆಂಟ್, ಆಮೇಲೆ ಜಾಗ ಬದಲಾವಣೆ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಡದ ಚಕ್ರವನ್ನು ಬಲಕ್ಕೆ ಹಾಕಿದರೆ ಒಳ ಅಂಚು ಹೊರಗೆ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ರಿಮ್ಮಿನ ಮುಖ ಯಾವ ಬದಿಗೆ ಹಾಕಿದರೂ ಹೊರಕ್ಕೇ ಇರುತ್ತದೆ, ಹಾಗಾಗಿ ಟೈರಿನ ಒಳ ಅಂಚು ಒಳಗೇ ಉಳಿಯುತ್ತದೆ, ಉರುಳುವ ದಿಕ್ಕು ಮಾತ್ರ ಬದಲಾಗುತ್ತದೆ. ಒಳ ಅಂಚನ್ನು ಹೊರಕ್ಕೆ ತರಬೇಕಾದರೆ ಟೈರನ್ನು ರಿಮ್ಮಿನಿಂದ ಬಿಡಿಸಿ, ಮಗುಚಿ ಹಾಕಿ, ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಬೇಕು. ಅರ್ಧ ಆಯಸ್ಸು ಉಳಿದಿರುವ ಟೈರಿಗೆ ಅಷ್ಟು ಖರ್ಚು ಮಾಡುವುದು ಲಾಭವೇ. ಟೈರಿನ ಬದಿಯಲ್ಲಿ ಹೊರಬದಿ ಎಂದು ಗುರುತಿದ್ದರೆ ಹಾಗೆ ಮಗುಚಬಾರದು, ಉರುಳುವ ದಿಕ್ಕಿನ ಬಾಣದ ಗುರುತಿದ್ದರೆ ಎಡಬಲ ಬದಲಿಸಬಾರದು.

ಅಲೈನ್‌ಮೆಂಟ್ ತಪ್ಪಿದೆಯೇ ಎಂದು ತಿಳಿಯಲು ಯಂತ್ರಕ್ಕಿಂತ ಮೊದಲು ಅಂಗೈ ಇದೆ. ಗಾಡಿ ನಿಲ್ಲಿಸಿ ಮುಂದಿನ ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಮೆಲ್ಲಗೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಎರಡೂ ಕಡೆಗೆ ಒಂದೇ ನುಣುಪಿದ್ದರೆ ಒಳ್ಳೆಯದು. ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಬೆರಳಿಗೆ ತಡೆಯುತ್ತಿದ್ದರೆ ಚಕ್ರ ಅಡ್ಡ ಉಜ್ಜುತ್ತಿದೆ. ರಬ್ಬರಿನ ಆಳದಲ್ಲಿ ವ್ಯತ್ಯಾಸ ಕಾಣುವ ಎಷ್ಟೋ ಮೊದಲೇ ಕೈಗೆ ಇದು ಸಿಗುತ್ತದೆ. ತಂತಿ ಹೊರಬಂದಿರುವ ಅನುಮಾನವಿದ್ದರೆ ಮಾತ್ರ ಕೈ ಹಾಕುವ ಮೊದಲು ಟಾರ್ಚ್ ಹಾಕಿ ನೋಡಿ, ಆ ತಂತಿ ಚರ್ಮ ಸೀಳುತ್ತದೆ.

ಯಂತ್ರದ ಮುಂದೆ ನಿಂತಾಗ ಒಂದು ವಿಷಯ ಗೊತ್ತಿರಬೇಕು. ಈ ದರ್ಜೆಯ ಕಾರುಗಳಲ್ಲಿ ಸಾಮಾನ್ಯವಾಗಿ ತಿರುಗಿಸಿ ಸರಿಮಾಡಲು ಸಾಧ್ಯವಿರುವುದು ಮುಂದಿನ ಚಕ್ರಗಳ ಟೋ ಮಾತ್ರ, ಅದೂ ಟೈ ರಾಡಿನ ನಟ್ ಸಡಿಲಿಸಿ. ಹಿಂದಿನ ಆಕ್ಸಲ್ ಒಂದೇ ತೊಲೆ, ಪರದೆಯ ಮೇಲೆ ಅದರ ಅಂಕಿ ಕೆಂಪಾಗಿ ಕಂಡರೂ ತಿರುಗಿಸಲು ಅಲ್ಲಿ ಏನೂ ಇರುವುದಿಲ್ಲ. ಕ್ಯಾಂಬರ್ ತಪ್ಪಿದೆ, ಬಗ್ಗಿಸಿ ಸರಿಮಾಡುತ್ತೇವೆ, ಬೇರೆ ಚಾರ್ಜು ಎಂದರೆ ಒಪ್ಪುವ ಮೊದಲು ಲೋಯರ್ ಆರ್ಮಿನ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಸವೆದಿದೆಯೇ ನೋಡಿಸಿ. ಸವೆದ ಬುಷ್ ಹಾಗೇ ಬಿಟ್ಟು ಮಾಡಿಸಿದ ಅಲೈನ್‌ಮೆಂಟ್ ಮೊದಲ ದೊಡ್ಡ ಗುಂಡಿಯವರೆಗೆ ಮಾತ್ರ ಉಳಿಯುತ್ತದೆ.

ಇಷ್ಟು ಸರಿಯಿದ್ದರೆ ಮುಂದಿನ ಪ್ರಶ್ನೆ ಬದಲಾವಣೆಯ ಲಯದ್ದು. ಅಲ್ಲಿ ಚಾಲಕನ ಜೇಬೂ ಲೆಕ್ಕಕ್ಕೆ ಬರುತ್ತದೆ. ಹೆಬ್ಬಾಳದ ಕಡೆಯ ಒಂದು ಟೈರ್ ಅಂಗಡಿಯಲ್ಲಿ ಕೇಳಿದ ಮಾತುಕತೆ ಇದು. ಚಾಲಕ ಮಂಡ್ಯ ಸೀಮೆಯ ಹುಡುಗ, ಕಾರು ಜಾಕಿನ ಮೇಲಿತ್ತು.

“ನಾಲ್ಕೂ ಹಾಕ್ಸು ಅಂದ್ರೆ ಎಲ್ಲಿಂದ ತರ್ಲಿ ಅಣ್ಣ? ಈ ತಿಂಗ್ಳು ಇನ್ಶೂರೆನ್ಸ್ ಬೇರೆ ಕಟ್ಬೇಕು.”

“ನಾಲ್ಕು ಯಾರಪ್ಪ ಹಾಕ್ಸು ಅಂದ್ರು? ಎರಡು ಸಾಕು. ಆದ್ರೆ ಹೊಸದು ಹಿಂದಕ್ಕೆ ಹಾಕ್ತೀನಿ, ಹಿಂದಿಂದು ಮುಂದಕ್ಕೆ.”

“ಹಿಂದಕ್ಕಾ? ಗಾಡಿ ಎಳೆಯೋದು ಮುಂದಿನ ಚಕ್ರ ಅಲ್ವಾ?”

“ಎಳೆಯೋದು ಮುಂದಿಂದೇ. ಮಳೇಲಿ ಮುಂದೆ ಜಾರಿದ್ರೆ ನಿನ್ನ ಕೈಗೆ ಗೊತ್ತಾಗುತ್ತೆ, ಆಕ್ಸಿಲರೇಟರ್ ಬಿಟ್ರೆ ಹಿಡ್ಕೊಳ್ಳುತ್ತೆ. ಹಿಂದೆ ಜಾರಿದ್ರೆ ಗಾಡಿ ಸುತ್ತಿ ನಿಂತ್ಮೇಲೇ ಗೊತ್ತಾಗೋದು.”

ಆ ಅಂಗಡಿಯವರು ಹೇಳಿದ್ದು ಸರಿ. ಟೈರ್ ತಯಾರಕರೂ ಇದನ್ನೇ ಹೇಳುತ್ತಾರೆ. ಗ್ರಿಪ್ ಹೆಚ್ಚಿರುವ ಜೋಡಿ ಯಾವಾಗಲೂ ಹಿಂದೆ ಇರಬೇಕು, ಗಾಡಿ ಯಾವ ಚಕ್ರದಿಂದ ಎಳೆದರೂ ಅಷ್ಟೇ. ಒದ್ದೆ ಫ್ಲೈಓವರಿನ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗಲು ನೋಡುತ್ತದೆ, ವೇಗ ಇಳಿಸಿದರೆ ಹತೋಟಿಗೆ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಹಿಂಭಾಗವೇ ಮುಂದಕ್ಕೆ ಬೀಸಿ ಬರುತ್ತದೆ, ಅದನ್ನು ಸರಿಪಡಿಸುವ ಕೈಚಳಕ ನುರಿತ ಚಾಲಕರಲ್ಲೂ ಅಪರೂಪ.

ಈ ಎರಡೆರಡರ ಪದ್ಧತಿಯನ್ನು ನಮ್ಮ ಲೆಕ್ಕಕ್ಕೆ ಹಾಕಿ ನೋಡಿದರೆ ಅಂಕಿಗಳು ಚಂದವಾಗಿ ಕೂಡುತ್ತವೆ. ಹೊಸ ಜೋಡಿ 7 ಮಿಲಿಮೀಟರಿನೊಂದಿಗೆ ಹಿಂದೆ ಕೂರುತ್ತದೆ. 22,000 ಕಿಲೋಮೀಟರ್ ಹಿಂದೆ ಓಡಿದಾಗ ಅದರಲ್ಲಿ 5 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಉಳಿದಿರುತ್ತದೆ. ಆಗ ಅದು ಮುಂದಕ್ಕೆ ಬರುತ್ತದೆ, ಇನ್ನೂ 22,000 ಕಿಲೋಮೀಟರ್ ಓಡಿ 2 ಮಿಲಿಮೀಟರಿಗೆ ಇಳಿದು ನಿವೃತ್ತವಾಗುತ್ತದೆ. ಒಟ್ಟು ಆಯಸ್ಸು 44,000, ನಾಲ್ಕೂ ಚಕ್ರ ಅದಲುಬದಲು ಮಾಡಿಸಿದವನಿಗೆ ಸಿಕ್ಕಷ್ಟೇ. ವ್ಯತ್ಯಾಸ ಏನೆಂದರೆ ಇಲ್ಲಿ ಒಂದು ಸಲಕ್ಕೆ ಎರಡೇ ಟೈರಿನ ಬಿಲ್ಲು, ಹಿಂದಿನ ಜೋಡಿ ಯಾವ ದಿನ ನೋಡಿದರೂ ಮುಂದಿನದಕ್ಕಿಂತ ದಪ್ಪ. ತಿಂಗಳಿಗೆ 4,500 ಕಿಲೋಮೀಟರ್ ಓಡುವ ಗಾಡಿಗೆ ಸರಿಯಾಗಿ ಐದು ತಿಂಗಳಿಗೊಮ್ಮೆ ಎರಡು ಟೈರ್. ಕ್ಯಾಬ್ ಚಾಲಕರಿಗೆ ಇದಕ್ಕಿಂತ ಹೊಂದುವ ಲಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಟೈರಿಗೆ 4,000 ರೂಪಾಯಿ ಎಂದು ಇಟ್ಟುಕೊಂಡರೆ ಎರಡಕ್ಕೆ 8,000. ಅದನ್ನು 22,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 36 ಪೈಸೆ, ದಿನಕ್ಕೆ 65 ರೂಪಾಯಿ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ ದಿನಕ್ಕೆ 75 ರೂಪಾಯಿ ತೆಗೆದಿಟ್ಟರೆ ಐದನೇ ತಿಂಗಳು ಸಾಲ ಮಾಡಬೇಕಿಲ್ಲ. ಈ ಲೆಕ್ಕವನ್ನು ಓಡೋಮೀಟರ್ ನೋಡಿ ಮಾಡಬೇಕು. ಆಪ್ ತೋರಿಸುವುದು ಗಿರಾಕಿ ಕೂತಿದ್ದ ಕಿಲೋಮೀಟರ್ ಮಾತ್ರ. ವಿಮಾನ ನಿಲ್ದಾಣಕ್ಕೆ ಬಿಟ್ಟು ಖಾಲಿ ವಾಪಸ್ ಬಂದಿದ್ದು, ಪಿಕಪ್ ಜಾಗ ಹುಡುಕಿ ಸುತ್ತಿದ್ದು, ರಾತ್ರಿ ಮನೆಗೆ ಹೋಗಿದ್ದು ಯಾವುದೂ ಅದರಲ್ಲಿ ಇರುವುದಿಲ್ಲ. ಟೈರ್ ಮಾತ್ರ ಎಲ್ಲವನ್ನೂ ಎಣಿಸುತ್ತದೆ.

ಐದು ತಿಂಗಳ ನಡುವೆ, 11,000 ಕಿಲೋಮೀಟರ್ ಹೊತ್ತಿಗೆ ಒಮ್ಮೆ, ಮುಂದಿನ ಎಡಬಲ ಚಕ್ರಗಳನ್ನು ತಮ್ಮತಮ್ಮಲ್ಲೇ ಬದಲಿಸುವುದು ಒಳ್ಳೆಯದು, ಹಿಂದಿನವನ್ನೂ ಹಾಗೆಯೇ. ನಮ್ಮ ರಸ್ತೆಗಳಲ್ಲಿ ಯು-ಟರ್ನ್ ಎಂದರೆ ಬಲಕ್ಕೆ. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಕ್ಕೆ ವಾಲಿ ಮುಂದಿನ ಎಡ ಟೈರಿನ ಹೊರಭುಜದ ಮೇಲೆ ಬೀಳುತ್ತದೆ. ರಿಂಗ್ ರಸ್ತೆಯಲ್ಲಿ ಎದುರು ಬದಿಯ ಗಿರಾಕಿಗಾಗಿ ದಿನಕ್ಕೆ ಹತ್ತಾರು ಸಲ ಹಾಗೆ ತಿರುಗುವ ಕಾರಿನಲ್ಲಿ ಎಡದ ಟೈರ್ ಬಲದ್ದಕ್ಕಿಂತ ಮೊದಲು ಸೋಲುತ್ತದೆ. ಬದಲಿಸಿದರೆ ಜೋಡಿ ಜೋಡಿಯಾಗಿಯೇ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ರಬ್ಬರ್ ತಿನ್ನುವ ಅಭ್ಯಾಸ ಇನ್ನೊಂದಿದೆ, ನಿಂತಲ್ಲೇ ಸ್ಟೇರಿಂಗ್ ಪೂರ್ತಿ ತಿರುಗಿಸುವುದು. ಪವರ್ ಸ್ಟೇರಿಂಗ್ ಬಂದ ಮೇಲೆ ಕೈಗೆ ಶ್ರಮ ಗೊತ್ತಾಗುವುದಿಲ್ಲ, ಆದರೆ ಅಂಗೈಯಷ್ಟು ಜಾಗದಲ್ಲಿ ಇಡೀ ಮುಂಭಾಗದ ತೂಕ ಹೊತ್ತು ಟೈರ್ ನೆಲವನ್ನು ತಿರುಚುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕೇಳುವ ಕಿರ್ರನೆ ಸದ್ದು ಅದರದೇ. ಗಾಡಿ ಸ್ವಲ್ಪವೇ ಉರುಳುತ್ತಿರುವಾಗ ತಿರುಗಿಸಿದರೆ ಸಾಕು.

ಗಾಳಿಯ ವಿಷಯದಲ್ಲಿ ಹೇಳಬೇಕಾದ್ದು ಒಂದೇ. ಬೆಳಗ್ಗೆ ಮೊದಲ ಡ್ಯೂಟಿಗೆ ಮುಂಚೆ, ಟೈರ್ ತಣ್ಣಗಿರುವಾಗ ನೋಡಬೇಕು. ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದ ಪಿಎಸ್‌ಐ ತಣ್ಣಗಿನ ಟೈರಿನದು. ಒಂದೆರಡು ಗಂಟೆ ಓಡಿದ ಮೇಲೆ ಅದೇ ಟೈರ್ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸುವುದು ಸಹಜ. ಬಂಕಿನಲ್ಲಿ ಅದನ್ನು ನೋಡಿ ಗಾಳಿ ಬಿಡಿಸಿದರೆ ಮಾರನೇ ಬೆಳಗ್ಗೆ ಟೈರ್ ಮೆತ್ತಗಾಗಿರುತ್ತದೆ, ಎರಡೂ ಭುಜ ಸವೆಯತೊಡಗುತ್ತವೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಎಂದರ್ಥ. ಸಿಎನ್‌ಜಿ ಸಿಲಿಂಡರ್ ಇರುವ ಕಾರುಗಳಲ್ಲಿ ಡಿಕ್ಕಿಯಲ್ಲಿ ಒಬ್ಬ ಪ್ರಯಾಣಿಕನಷ್ಟು ತೂಕ ಯಾವಾಗಲೂ ಕೂತಿರುವುದರಿಂದ ಹಿಂದಿನ ಟೈರುಗಳಿಗೆ ಪೂರ್ತಿ ಲೋಡಿನ ಅಂಕಿಯನ್ನೇ ಪಾಲಿಸುವುದು ಕ್ಷೇಮ.

ಮಳೆಗಾಲಕ್ಕೆ ಲೆಕ್ಕ ಸ್ವಲ್ಪ ಬದಲಾಗಬೇಕು. ಕಾಲುವೆಗಳ ಕೆಲಸ ನೀರನ್ನು ಬದಿಗೆ ತಳ್ಳುವುದು. 3 ಮಿಲಿಮೀಟರಿಗಿಂತ ಕೆಳಗೆ ಇಳಿದಂತೆ ಆ ಶಕ್ತಿ ಬೇಗ ಕುಗ್ಗುತ್ತದೆ, ನೀರು ನಿಂತ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಕಾರು ಬಹಳ ದೂರ ಹೋಗಿ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಮೇ ತಿಂಗಳ ಸಂಜೆ ಮಳೆಯಿಂದ ಹಿಡಿದು ಅಕ್ಟೋಬರ್ ಕಳೆಯುವವರೆಗೆ ರಸ್ತೆ ಯಾವಾಗ ಬೇಕಾದರೂ ತೋಯಬಹುದು. ನಮ್ಮ ಡಿಸೈರಿನ ಮುಂದಿನ ಜೋಡಿ 3 ಮಿಲಿಮೀಟರಿನಿಂದ 2ಕ್ಕೆ ಇಳಿಯಲು 7,000 ಕಿಲೋಮೀಟರ್ ಬೇಕು, ಅಂದರೆ ಒಂದೂವರೆ ತಿಂಗಳು. ಬದಲಾವಣೆ ಜೂನ್‌ನಲ್ಲಿ ಬರುವಂತಿದ್ದರೆ ಅದನ್ನು ಏಪ್ರಿಲ್ ಕೊನೆಗೇ ಮಾಡಿಬಿಡಬೇಕು. ಎರಡು ಟೈರಿನಿಂದ ಒಂದೊಂದು ಮಿಲಿಮೀಟರ್ ಬಿಟ್ಟುಕೊಟ್ಟಂತಾಯಿತು, ರೂಪಾಯಿಯಲ್ಲಿ ಅದು ಸುಮಾರು 1,600. ಹಿಂದೆ ಕುಟುಂಬವೊಂದು ಕೂತಿರುವಾಗ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಬೇಕಾದವರಿಗೆ ಇದು ದೊಡ್ಡ ಮೊತ್ತವಲ್ಲ. ಬಿಚ್ಚಿದ ಜೋಡಿಯಲ್ಲಿ ಚೆನ್ನಾಗಿರುವುದನ್ನು ಸ್ಟೆಪ್ನಿಯಾಗಿ ಇಟ್ಟುಕೊಂಡರೆ ಅಷ್ಟೂ ವ್ಯರ್ಥವೂ ಆಗುವುದಿಲ್ಲ.

ಸ್ಟೆಪ್ನಿಯ ಬಗ್ಗೆ ಎಚ್ಚರ ಬೇಕಾದ್ದು ಬೇರೆ ಕಾರಣಕ್ಕೆ. ಕ್ಯಾಬಿನಲ್ಲಿ ವಯಸ್ಸಾಗಿ ಹಾಳಾಗುವ ಟೈರ್ ಯಾವುದಾದರೂ ಇದ್ದರೆ ಅದು ಡಿಕ್ಕಿಯಲ್ಲಿ ಮಲಗಿರುವ ಇದೊಂದೇ. ಬದಿಯಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ, 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಕಾರಿನ ಜೊತೆ ಬಂದ ಸ್ಟೆಪ್ನಿ ನಾಲ್ಕೈದು ವರ್ಷವಾದರೂ ನೆಲ ಮುಟ್ಟದೆ ಉಳಿದಿದ್ದರೆ, ಗುಂಡಿಗೆ ಬಿದ್ದು ಒಂದು ಟೈರ್ ಒಡೆದ ರಾತ್ರಿ ಅದನ್ನು ನಂಬುವುದು ಕಷ್ಟ. ಮೊದಲ ಸಲ ಟೈರ್ ಬದಲಿಸುವಾಗಲೇ ಅದನ್ನು ಹಿಂದಿನ ಜೋಡಿಗೆ ಸೇರಿಸಿಬಿಟ್ಟರೆ ಆ ಸಲ ಒಂದೇ ಟೈರ್ ಕೊಳ್ಳಬಹುದು. ಅದೇ ಕಂಪನಿಯ ಅದೇ ಮಾದರಿ ಸಿಗಬೇಕು, ಅಷ್ಟೇ. ಒಂದೇ ಆಕ್ಸಲಿನ ಎರಡು ಟೈರ್ ಬೇರೆ ಬೇರೆ ಮಾದರಿಯಾಗಬಾರದು.

ದುಡ್ಡಿನ ಇಕ್ಕಟ್ಟಿನಲ್ಲಿ ಸೆಕೆಂಡ್ ಹ್ಯಾಂಡ್ ಟೈರಿಗೆ ಹೋಗುವವರು ಬಹಳ. ಹೊಸ ಕಾರು ಕೊಂಡವರು ಅಲಾಯ್ ಹಾಕಿಸಿ ಬಿಟ್ಟುಹೋದ ಟೈರುಗಳು ಮಾರಾಟಕ್ಕೆ ಬರುತ್ತವೆ, ಅವು ಒಳ್ಳೆಯ ಕೊಳ್ಳುವಿಕೆಯೇ. ಮುಟ್ಟಬಾರದ್ದು ಕಾಲುವೆಗಳನ್ನು ಬಿಸಿ ಬ್ಲೇಡಿನಿಂದ ಮತ್ತೆ ಕೊರೆದು ಕಪ್ಪು ಬಣ್ಣ ಬಳಿದ ಟೈರ್. ಹಾಗೆ ಕೊರೆದಾಗ ಆಳ ಹೆಚ್ಚಿದಂತೆ ಕಾಣುತ್ತದೆ, ಆದರೆ ತಂತಿಯ ಪದರದ ಮೇಲೆ ಇರಬೇಕಾದ ರಬ್ಬರೇ ಹೋಗಿರುತ್ತದೆ. ಗುರುತು ಹಿಡಿಯುವುದು ಸುಲಭ. ಭುಜದಲ್ಲಿ ಟಿಡಬ್ಲ್ಯುಐ ಗುರುತು ಇದ್ದು, ಅದರ ನೇರಕ್ಕೆ ಕಾಲುವೆಯ ತಳದಲ್ಲಿ ದಿಣ್ಣೆ ಇಲ್ಲದಿದ್ದರೆ ಯಾರೋ ಅದನ್ನೂ ಸೇರಿಸಿ ಕೊರೆದಿದ್ದಾರೆ.

ಇಷ್ಟಕ್ಕೂ ಬೇಕಾಗಿರುವುದು ಗ್ರಿಪ್ಪಿನ ಆಳ ಅಳೆಯುವ ಒಂದು ಸಣ್ಣ ಗೇಜು ಮತ್ತು ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ಕು. ತಿಂಗಳ ಮೊದಲ ದಿನ ಓಡೋಮೀಟರಿನ ಅಂಕಿ ಬರೆದು, ಪ್ರತಿ ಟೈರಿಗೆ ಒಳಗೆ, ನಡುವೆ, ಹೊರಗೆ ಮೂರು ಅಳತೆ ಬರೆದಿಟ್ಟರೆ ಮೂರನೇ ತಿಂಗಳಿಗೆ ತನ್ನ ಗಾಡಿಯ ಸವಕಳಿಯ ವೇಗ ಚಾಲಕನಿಗೆ ತಾನೇ ತಿಳಿಯುತ್ತದೆ. ಮುಂದಿನ ಬದಲಾವಣೆ ಯಾವ ತಿಂಗಳು ಎಂದು ಅಂಗಡಿಯವರನ್ನು ಕೇಳಬೇಕಾಗುವುದಿಲ್ಲ.

ಸ್ವಂತ ಕಾರಿಲ್ಲದೆ ದಿನಬಾಡಿಗೆಗೆ ಅಥವಾ ಲೀಸಿಗೆ ಗಾಡಿ ಹಿಡಿದವರಿಗೆ ಈ ನೋಟ್‌ಬುಕ್ಕು ಇನ್ನೂ ಹೆಚ್ಚು ಬೇಕು. ಒಂದೇ ಕಾರನ್ನು ಹಗಲೊಬ್ಬರು ರಾತ್ರಿಯೊಬ್ಬರು ಓಡಿಸುವ ಕಡೆ ಟೈರ್ ಯಾರದೂ ಅಲ್ಲದ ವಸ್ತುವಾಗುತ್ತದೆ. ಮಾಲೀಕ ಚಾಲಕನನ್ನು ದೂರುತ್ತಾನೆ, ಚಾಲಕ ರಸ್ತೆಯನ್ನು. ಟೈರ್ ಖರ್ಚು ಯಾರದೆಂದು ಮಾತು ಬಂದಾಗ ಕೊನೆಗೆ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಚಾಲಕನ ದುಡ್ಡನ್ನೇ. ಹಾಗಾಗದಂತೆ ತಡೆಯಲು ಗಾಡಿಯ ಕೀ ಪಡೆಯುವ ದಿನವೇ ಇಬ್ಬರೂ ನಿಂತು ನಾಲ್ಕು ಚಕ್ರಗಳ ಹನ್ನೆರಡು ಅಳತೆ, ಸ್ಟೆಪ್ನಿಯ ತಯಾರಿಕೆಯ ಸಂಖ್ಯೆ, ಆ ದಿನದ ಓಡೋಮೀಟರ್ ಅಂಕಿ ಬರೆದು ಸಹಿ ಹಾಕಿಕೊಳ್ಳಬೇಕು, ಒಳ ಅಂಚುಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಗಾಡಿ ಹಿಂದಿರುಗಿಸುವ ದಿನ ಅದೇ ಹನ್ನೆರಡು ಜಾಗದಲ್ಲಿ ಮತ್ತೆ ಅಳೆದರೆ ಓಡಿದ ಕಿಲೋಮೀಟರಿಗೆ ಸಹಜವಾಗಿ ಸವೆದದ್ದೆಷ್ಟು, ಕೆಟ್ಟ ಅಲೈನ್‌ಮೆಂಟ್ ತಿಂದದ್ದೆಷ್ಟು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ. ಮೊದಲನೆಯದು ಯಾರ ಲೆಕ್ಕಕ್ಕೆ ಎಂಬುದು ಅವರವರ ಒಪ್ಪಂದ. ಎರಡನೆಯದರ ಬುಷ್, ಬಾಲ್ ಜಾಯಿಂಟ್ ಖರ್ಚು ಗಾಡಿಯ ಮಾಲೀಕನದು ಎಂದು ಮೊದಲೇ ಬರೆಸಿಕೊಳ್ಳುವುದು ಚಾಲಕನ ಹಕ್ಕು.